ಹೈಟೆನ್ಷನ್ ಲೈನಿನ ಪಕ್ಕದ ನಿವೇಶನಕ್ಕೆ ಮಾರುಕಟ್ಟೆಗಿಂತ ಹೆಚ್ಚಿನ ಮಾರ್ಗಸೂಚಿ ಬೆಲೆ: ಪ್ರಶ್ನಿಸುವುದು ಹೇಗೆ?

ಬೆಟ್ಟದತಪ್ಪಲು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರವಲಯದ ಒಂದು ಅನುಮೋದಿತ ಬಡಾವಣೆಯಲ್ಲಿ 30x40 ಅಳತೆಯ ನಿವೇಶನವೊಂದನ್ನು 27 ಲಕ್ಷ ರೂಪಾಯಿಗೆ ಕೊಳ್ಳಲು ಮಾತಾಗಿದೆ. ನಿವೇಶನದ ಪೂರ್ವಕ್ಕೆ 66 ಕೆವಿ ವಿದ್ಯುತ್ ಮಾರ್ಗ ಹಾದುಹೋಗಿರುವುದರಿಂದ ಬಡಾವಣೆಯ ಉಳಿದ ನಿವೇಶನಗಳ ಬೆಲೆ ಇದಕ್ಕೆ ಸಿಗುವುದಿಲ್ಲ ಎಂಬುದು ಮಾರುವವರಿಗೂ ಗೊತ್ತು, ನನಗೂ ಗೊತ್ತು. ಆದರೆ ಕಾವೇರಿ ತಂತ್ರಾಂಶದಲ್ಲಿ ವಿವರ ತುಂಬಿದಾಗ ಆಸ್ತಿಯ ಮೌಲ್ಯ 39,24,096 ರೂಪಾಯಿ ಎಂದು ಬಂದಿದೆ. ಇದೇ ಮೊತ್ತಕ್ಕೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಕಟ್ಟಬೇಕೆಂದು ಉಪನೋಂದಣಿ ಕಚೇರಿಯಲ್ಲಿ ಹೇಳುತ್ತಿದ್ದಾರೆ. ನಾನು ಕೊಡುತ್ತಿರುವ ಹಣ ಪೂರ್ತಿ ಬ್ಯಾಂಕಿನ ಮೂಲಕವೇ ಹೋಗುತ್ತಿದೆ, ಕೈಯಲ್ಲಿ ಒಂದು ರೂಪಾಯಿಯನ್ನೂ ಕೊಡುತ್ತಿಲ್ಲ. ಹೀಗಿರುವಾಗ ಇಲ್ಲದ ಹನ್ನೆರಡು ಲಕ್ಷಕ್ಕೆ ಶುಲ್ಕ ಕಟ್ಟುವುದು ನ್ಯಾಯವೇ? ಪ್ರಶ್ನಿಸಲು ದಾರಿಯಿದೆಯೇ?

ಕಾನೂನುಓದುಗ

ಖಂಡಿತ ಇದೆ. ಮಾರ್ಗಸೂಚಿ ಬೆಲೆ ಅಂತಿಮವಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಜವಾಜಿ ನಾಗನಾಥಂ ಪ್ರಕರಣದಲ್ಲಿ ಹೇಳಿದೆ, 1999ರಲ್ಲಿ ರಮೇಶ್ ಚಂದ್ ಬನ್ಸಾಲ್ ಪ್ರಕರಣದಲ್ಲಿ ಮತ್ತೆ ಹೇಳಿದೆ. ಆದ್ದರಿಂದ ಈ ತೀರ್ಪುಗಳ ಪ್ರತಿಯನ್ನು ಕ್ರಯಪತ್ರಕ್ಕೆ ಲಗತ್ತಿಸಿ 27 ಲಕ್ಷಕ್ಕೇ ಶುಲ್ಕ ಕಟ್ಟಿರಿ. ಉಪನೋಂದಣಾಧಿಕಾರಿಗಳು ಅದೇ ಮೊತ್ತಕ್ಕೆ ನೋಂದಾಯಿಸಲೇಬೇಕು, ಬೇರೆ ದಾರಿಯಿಲ್ಲ.

ನಿವೃತ್ತನೋಂದಣಿ

ನಾನು ಇದೇ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಮೇಲಿನ ಸ್ನೇಹಿತರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಮಾರ್ಗಸೂಚಿ ಬೆಲೆ ಅಂತಿಮವಲ್ಲ ಎಂಬುದು ನಿಜ. ಆದರೆ ಜವಾಜಿ ನಾಗನಾಥಂ ಪ್ರಕರಣದಲ್ಲಿ ಚರ್ಚೆಗೆ ಬಂದದ್ದು ಕಾನೂನಿನ ಆಧಾರವಿಲ್ಲದ ಒಂದು ಬೆಲೆ ವಹಿ. ನಮ್ಮ ರಾಜ್ಯದಲ್ಲಿ 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಂನ ಅಡಿ ಕೇಂದ್ರ ಮೌಲ್ಯಮಾಪನ ಸಮಿತಿಯೇ ಈ ಬೆಲೆಗಳನ್ನು ಪ್ರಕಟಿಸುತ್ತದೆ. ಆ ಬೆಲೆಯನ್ನು ನೋಡಿ, ಪತ್ರದಲ್ಲಿ ಬರೆದ ಬೆಲೆ ಕಡಿಮೆಯಿದೆ ಎಂದು ಉಪನೋಂದಣಾಧಿಕಾರಿಗೆ ಅನ್ನಿಸಿದರೆ, ಅದನ್ನು ಬದಿಗಿಟ್ಟು ನಿಮ್ಮ ಬೆಲೆಯನ್ನು ಒಪ್ಪುವ ಅಧಿಕಾರ ಅವರಿಗೆ ಇಲ್ಲ. ಬೆಲೆಯನ್ನು ತೀರ್ಮಾನಿಸುವವರು ಬೇರೆ. ತೀರ್ಪಿನ ಪ್ರತಿ ಹಿಡಿದು ಉಪನೋಂದಣಿ ಕಚೇರಿಯ ಕೌಂಟರಿನಲ್ಲಿ ವಾದಿಸಿ ಪ್ರಯೋಜನವಿಲ್ಲ, ನಾನು ಆ ಕೌಂಟರಿನ ಒಳಗೆ ಬಹಳ ವರ್ಷ ಕುಳಿತವನು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಮೌಲ್ಯದ ಲೆಕ್ಕದ ಪುಟವನ್ನು ಮುದ್ರಿಸಿಕೊಂಡು ಒಂದೊಂದು ಸಾಲನ್ನೂ ಓದಿ. 30x40 ಎಂದರೆ 111.48 ಚದರ ಮೀಟರ್. ಪ್ರತಿ ಚದರ ಮೀಟರಿಗೆ ಎಷ್ಟು ಹಿಡಿದಿದ್ದಾರೆ, ಅದರ ಮೇಲೆ ಏನಾದರೂ ಪ್ರತಿಶತ ಸೇರಿಸಿದ್ದಾರೆಯೇ ಎಂದು ನೋಡಿ ಇಲ್ಲಿ ತಿಳಿಸಿ. ನಿಮ್ಮ ಮೊತ್ತವನ್ನು ನೋಡಿದರೆ ಅದರಲ್ಲಿ ಮತ್ತೇನೋ ಸೇರಿರುವಂತೆ ಕಾಣುತ್ತಿದೆ.

ತುಂಗೆಯದಡ

ನನ್ನದೂ ಇಂಥದೇ ಸಮಸ್ಯೆ. ನಮ್ಮ ಭಾವನವರು ಪಿತ್ರಾರ್ಜಿತ ಮನೆಯಲ್ಲಿನ ತಮ್ಮ ಪಾಲನ್ನು ನಮ್ಮ ಯಜಮಾನರಿಗೆ ಬಿಟ್ಟುಕೊಡುತ್ತಿದ್ದಾರೆ. ಮನೆಯ ಮಾರ್ಗಸೂಚಿ ಬೆಲೆ ಬಹಳ ಹೆಚ್ಚಿದೆ, ಮನೆಯೋ ಅರವತ್ತು ವರ್ಷ ಹಳೆಯದು. ನಾವೂ ಆಕ್ಷೇಪಣೆ ಹಾಕಬೇಕೇ?

ನಿವೃತ್ತನೋಂದಣಿ

ಅಮ್ಮ, ನಿಮ್ಮದು ಬೇರೆಯ ವಿಷಯ. ಕುಟುಂಬದ ಸದಸ್ಯರ ನಡುವೆ ಹಕ್ಕು ಬಿಡುಗಡೆ ಪತ್ರವಾದರೆ ಶುಲ್ಕ ನಿಗದಿತ ಮೊತ್ತವಾಗಿರುತ್ತದೆ, ಆಸ್ತಿಯ ಬೆಲೆಯ ಪ್ರತಿಶತವಾಗಿರುವುದಿಲ್ಲ. ಅಲ್ಲಿ ಮಾರ್ಗಸೂಚಿ ಬೆಲೆಯನ್ನು ಪ್ರಶ್ನಿಸಿ ನಿಮಗೆ ಉಳಿಯುವುದು ಏನೂ ಇಲ್ಲ. ಪತ್ರ ಬರೆಯುವವರು ಅದನ್ನು ಕ್ರಯಪತ್ರವೆಂದು ಬರೆಯದಂತೆ ಮಾತ್ರ ನೋಡಿಕೊಳ್ಳಿ.

ಬೆಟ್ಟದತಪ್ಪಲು

ಲೆಕ್ಕದ ಪುಟ ಸಿಕ್ಕಿತು. ಪ್ರತಿ ಚದರ ಮೀಟರಿಗೆ 32,000 ರೂಪಾಯಿಯಂತೆ 35,67,360 ರೂಪಾಯಿ. ಅದರ ಮೇಲೆ ಮೂಲೆ ನಿವೇಶನವೆಂದು ಶೇಕಡ 10 ಸೇರಿಸಿದ್ದಾರೆ. ನನ್ನ ನಿವೇಶನ ಮೂಲೆಯದಲ್ಲ, ಉತ್ತರಕ್ಕೆ ಮಾತ್ರ ರಸ್ತೆಯಿದೆ. ಮೂಲೆಯೆಂದು ಹೇಗೆ ಬಂತೋ ತಿಳಿಯುತ್ತಿಲ್ಲ.

ನಿವೃತ್ತನೋಂದಣಿ

ಚಕ್ಕುಬಂದಿ ನೋಡಿ. ಪೂರ್ವಕ್ಕೆ ಏನೆಂದು ಬರೆದಿದ್ದಾರೆ?

ಬೆಟ್ಟದತಪ್ಪಲು

ನೀವು ಕೇಳಿದ್ದು ಸರಿಯಾಗಿತ್ತು. ಕರಡು ಕ್ರಯಪತ್ರದಲ್ಲಿ "ಪೂರ್ವಕ್ಕೆ: ರಸ್ತೆ" ಎಂದಿದೆ. ಪತ್ರ ಬರಹಗಾರರು ಹಳೆಯ ಕ್ರಯಪತ್ರದಿಂದ ಹಾಗೆಯೇ ಎತ್ತಿ ಬರೆದಿದ್ದಾರೆ. ಆದರೆ ಅನುಮೋದಿತ ನಕ್ಷೆಯಲ್ಲಿ ಅದು ರಸ್ತೆಯಲ್ಲ, ವಿದ್ಯುತ್ ಮಾರ್ಗಕ್ಕೆಂದು ಬಿಟ್ಟ 8 ಮೀಟರ್ ಅಗಲದ ಪಟ್ಟಿ. ಇ-ಖಾತೆಯಲ್ಲಿಯೂ ವಿದ್ಯುತ್ ಮಾರ್ಗದ ಜಾಗ ಎಂದೇ ನಮೂದಾಗಿದೆ.

ನಿವೃತ್ತನೋಂದಣಿ

ಹಾಗಾದರೆ ಕರಡನ್ನು ತಿದ್ದಿಸಿ, ನಕ್ಷೆಯ ದೃಢೀಕೃತ ಪ್ರತಿಯನ್ನು ಲಗತ್ತಿಸಿ, ಮತ್ತೆ ಸಲ್ಲಿಸಿ. ಇದಕ್ಕೆ ಯಾವ ವಿಚಾರಣೆಯೂ ಬೇಕಿಲ್ಲ. ನಗರದ ಮಿತಿಯಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇಕಡ 5.6, ಅದರ ಮೇಲೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 2, ಒಟ್ಟು ಶೇಕಡ 7.6 ಆಗುತ್ತದೆ. ಚಕ್ಕುಬಂದಿಯ ಒಂದು ಪದದಿಂದ ನೀವು 27,000 ರೂಪಾಯಿಗೂ ಹೆಚ್ಚು ಕಟ್ಟಲಿದ್ದಿರಿ. ನನ್ನ ಅನುಭವದಲ್ಲಿ, ಬೆಲೆ ಹೆಚ್ಚಾಯಿತೆಂದು ಬರುವವರಲ್ಲಿ ಅನೇಕರ ತೊಂದರೆ ಬೆಲೆಯದಲ್ಲ. ರಸ್ತೆಯ ಹೆಸರು ತಪ್ಪಿರುತ್ತದೆ, ವಾಸದ ನಿವೇಶನವನ್ನು ವಾಣಿಜ್ಯವೆಂದು ಆರಿಸಿರುತ್ತಾರೆ, ಪಕ್ಕದ ಬಡಾವಣೆಯ ದರ ಹಿಡಿದಿರುತ್ತಾರೆ.

ಈಗ ಉಳಿದದ್ದು 35,67,360 ಮತ್ತು 27,00,000ದ ನಡುವಿನ 8,67,360 ರೂಪಾಯಿಯ ಅಂತರ. ನಿಜವಾದ ವಿವಾದ ಇದು, ಇದಕ್ಕೆ 45-ಎ ಕಲಂ ಇದೆ. ಉಪನೋಂದಣಾಧಿಕಾರಿಗಳು ತಮ್ಮ ಅಂದಾಜು ಬೆಲೆಯನ್ನು ನಿಮಗೆ ತಿಳಿಸುತ್ತಾರೆ. ಆ ಬೆಲೆಗೆ ನೀವು ಶುಲ್ಕ ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯಿತು. ಕಟ್ಟದಿದ್ದರೆ ಅವರು ನೋಂದಣಿಯನ್ನು ಬಾಕಿ ಇರಿಸಿ, ಪತ್ರದ ಪ್ರತಿಯೊಂದಿಗೆ ಪ್ರಕರಣವನ್ನು ಮೇಲಕ್ಕೆ ಕಳುಹಿಸಬೇಕು. ಕಾಯ್ದೆಯಲ್ಲಿ ಡೆಪ್ಯುಟಿ ಕಮಿಷನರ್ ಎಂದಿದ್ದರೂ ಈ ಕೆಲಸ ಮಾಡುವವರು ಜಿಲ್ಲಾ ನೋಂದಣಾಧಿಕಾರಿಗಳು, ಆದ್ದರಿಂದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅಲೆಯಬೇಡಿ. ಅವರು ನೋಟಿಸು ಕೊಟ್ಟು, ನಿಮ್ಮ ಅಹವಾಲು ಕೇಳಿ, ವಿಚಾರಣೆ ನಡೆಸಿ, ಸಾಧ್ಯವಾದಷ್ಟು ಮಟ್ಟಿಗೆ 90 ದಿನಗಳ ಒಳಗೆ ಆದೇಶ ಮಾಡಬೇಕು. ನೀವು ಮಾಡಬೇಕಾದದ್ದು ಇಷ್ಟೇ: ಅಂದಾಜು ಬೆಲೆಯನ್ನು ಒಪ್ಪುವುದಿಲ್ಲ, 45-ಎ ಅಡಿ ಪ್ರಕರಣವನ್ನು ಕಳುಹಿಸಿಕೊಡಿ ಎಂದು ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ಬಾಯಿಮಾತಿನಲ್ಲಿ ಹೇಳಿದರೆ "ಕಟ್ಟಿ, ಇಲ್ಲವೇ ಪತ್ರ ವಾಪಸ್ ತೆಗೆದುಕೊಳ್ಳಿ" ಎನ್ನುತ್ತಾರೆ. ವಾಪಸ್ ತೆಗೆದುಕೊಂಡರೆ ಪ್ರಕರಣವೇ ಹುಟ್ಟುವುದಿಲ್ಲ.

ಉಣಕಲ್ಲಿನವ

ನನ್ನದೊಂದು ಸಲಹೆ. ನಿಮ್ಮ ಕರಾರು ಪತ್ರ ಯಾವಾಗ ಆಗಿದೆ? ನಮ್ಮ ಚಿಕ್ಕಪ್ಪನವರ ವ್ಯವಹಾರದಲ್ಲಿ ಕರಾರು ಆದ ಮೇಲೆ ಮಾರ್ಗಸೂಚಿ ಬೆಲೆ ಏರಿತ್ತು. ಕರಾರಿನ ದಿನದ ಬೆಲೆಯನ್ನೇ ಹಿಡಿಯಬೇಕೆಂಬ ನಿಯಮವಿದೆ. ಆಡಿಟರ್ ಅದನ್ನೇ ತೋರಿಸಿ ಗೆದ್ದರು. ನಿಮ್ಮ ಕರಾರು 2023ರ ಅಕ್ಟೋಬರ್ 1ಕ್ಕಿಂತ ಹಿಂದಿನದಾದರೆ ಆಗಿನ ಹಳೆಯ ದರವೇ ಅನ್ವಯಿಸುತ್ತದೆ.

ಲೆಕ್ಕದಪುಸ್ತಕ

ಉಣಕಲ್ಲಿನ ಅಣ್ಣನವರೇ, ನಿಮ್ಮ ಆಡಿಟರ್ ಗೆದ್ದದ್ದು ಆದಾಯ ತೆರಿಗೆಯಲ್ಲಿರಬೇಕು. ಅಲ್ಲಿ ಆ ನಿಯಮ ಇದೆ: ಕರಾರಿನ ದಿನ ಅಥವಾ ಅದಕ್ಕಿಂತ ಮುಂಚೆ ಒಂದಿಷ್ಟು ಹಣವಾದರೂ ಬ್ಯಾಂಕಿನ ಮೂಲಕ ಸಂದಾಯವಾಗಿದ್ದರೆ ಕರಾರಿನ ದಿನದ ಮೌಲ್ಯವನ್ನು ಹಿಡಿಯಬಹುದು. ಮುದ್ರಾಂಕ ಶುಲ್ಕಕ್ಕೆ ಅದು ನಡೆಯುವುದಿಲ್ಲ. ರಾಜಸ್ಥಾನ ಸರ್ಕಾರ ಮತ್ತು ಖಂಡಾಕಾ ಜೈನ್ ಜ್ಯುವೆಲ್ಲರ್ಸ್ ನಡುವಿನ 2007ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕರಾರಿನ ದಿನದ ಬೆಲೆಯಲ್ಲ, ಕ್ರಯಪತ್ರ ಆಗುವ ದಿನದ ಬೆಲೆಯೇ ಎಂದು ಸ್ಪಷ್ಟವಾಗಿ ಹೇಳಿದೆ.

ಪ್ರಶ್ನೆ ಕೇಳಿದವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಬೇರೆಯಿದೆ. ನಾನು ತೆರಿಗೆ ಸಲಹೆಗಾರ್ತಿ. ಇಂಥ ವ್ಯವಹಾರದಲ್ಲಿ ಎಲ್ಲರೂ ಶುಲ್ಕದ ವ್ಯತ್ಯಾಸವನ್ನು ಮಾತ್ರ ಲೆಕ್ಕ ಹಾಕುತ್ತಾರೆ. 8,67,360 ರೂಪಾಯಿಗೆ ಶೇಕಡ 7.6 ಎಂದರೆ ಸುಮಾರು 65,900 ರೂಪಾಯಿ. ಅಷ್ಟೇ ತಾನೇ, ಕಟ್ಟಿ ಮುಗಿಸೋಣ ಎನ್ನುತ್ತಾರೆ. ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 56(2)(ಎಕ್ಸ್) ಪ್ರಕಾರ, ಮುದ್ರಾಂಕ ಮೌಲ್ಯವು ನೀವು ಕೊಟ್ಟ ಬೆಲೆಗಿಂತ ಶೇಕಡ 10ಕ್ಕೂ ಹೆಚ್ಚಿದ್ದರೆ, ಆ ಅಂತರವಿಡೀ ಕೊಂಡವರ ಆದಾಯವೆಂದು ಎಣಿಕೆಯಾಗುತ್ತದೆ. ನಿಮಗೆ ಆ ಮಿತಿ 29,70,000. ಮೌಲ್ಯ 35,67,360 ಎಂದಾದರೆ ಮಿತಿಯನ್ನು ಮೀರಿದ ಭಾಗವಷ್ಟೇ ಅಲ್ಲ, ಪೂರ್ತಿ 8,67,360 ನಿಮ್ಮ ಆದಾಯಕ್ಕೆ ಸೇರುತ್ತದೆ. ನೀವು ಶೇಕಡ 30ರ ಹಂತದಲ್ಲಿದ್ದರೆ ಸೆಸ್ ಸೇರಿ ತೆರಿಗೆ ಸುಮಾರು 2,70,600 ರೂಪಾಯಿ. ಮಾರುವವರಿಗೂ 50ಸಿ ಕಲಂನ ಅಡಿ ಅದೇ ಮೌಲ್ಯವೇ ಮಾರಾಟದ ಬೆಲೆಯೆಂದು ಪರಿಗಣನೆಯಾಗಿ ಬಂಡವಾಳ ಲಾಭ ಹೆಚ್ಚುತ್ತದೆ. ಹೀಗಾಗಿ ಶುಲ್ಕ ಕಟ್ಟಿ ಸುಮ್ಮನಾಗುವ ಮುನ್ನ ಇಬ್ಬರೂ ಕುಳಿತು ಮಾತನಾಡಿ. ವಿಚಾರಣೆಗೆ ಮಾರುವವರೂ ಬಂದು ಹೇಳಿಕೆ ಕೊಡಲು ಅವರಿಗೂ ಕಾರಣವಿದೆ.

ಹರಾಜಿನಮನೆ

ನಾನು ನ್ಯಾಯಾಲಯದ ಹರಾಜಿನಲ್ಲಿ ಮಳಿಗೆ ಕೊಂಡವನು. ನನಗೆ ಇದೇ ತಕರಾರು ಬಂದಾಗ, ನ್ಯಾಯಾಲಯದ ಮೂಲಕ ನಡೆದ ಬಹಿರಂಗ ಹರಾಜಿನ ಬೆಲೆಯೇ ಮಾರುಕಟ್ಟೆ ಬೆಲೆ ಎಂಬ 2022ರ ಎಎಸ್ಎಲ್ ವ್ಯಾಪಾರ್ ಪ್ರಕರಣದ ತೀರ್ಪನ್ನು ವಕೀಲರು ತೋರಿಸಿದರು. ನಿಮ್ಮದು ಖಾಸಗಿ ವ್ಯವಹಾರವಾದ್ದರಿಂದ ಅದು ನೇರವಾಗಿ ಸಲ್ಲುವುದಿಲ್ಲವೇನೋ, ಆದರೂ ತಿಳಿದಿರಲಿ ಎಂದು ಬರೆದೆ.

ಕೆರೆಯಂಗಳ

ನಾನು ಎರಡು ವರ್ಷದ ಹಿಂದೆ ಬೇರೆ ದಾರಿ ಹಿಡಿದು ಕೈಸುಟ್ಟುಕೊಂಡೆ. ಮನೆಸಾಲದ ಮಂಜೂರಾತಿಯ ಅವಧಿ ಮುಗಿಯುವುದರಲ್ಲಿತ್ತು, ಹಾಗಾಗಿ ಅವರು ಹೇಳಿದ ಬೆಲೆಗೇ ಶುಲ್ಕ ಕಟ್ಟಿ ನೋಂದಣಿ ಮಾಡಿಸಿ, ಆಮೇಲೆ ಹೆಚ್ಚುವರಿ ಶುಲ್ಕ ವಾಪಸ್ ಕೊಡಿ ಎಂದು ಅರ್ಜಿ ಹಾಕಿದೆ. ಅಂದಾಜು ಬೆಲೆಯನ್ನು ನೀವೇ ಒಪ್ಪಿ ಕಟ್ಟಿದ್ದೀರಿ ಎಂದು ಹಿಂಬರಹ ಕೊಟ್ಟರು. "ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ" ಎಂಬ ಪತ್ರ ಕೊಟ್ಟಿದ್ದರೆ ಉಚ್ಚ ನ್ಯಾಯಾಲಯದಲ್ಲಿ ರಿಟ್ ಹಾಕಬಹುದಿತ್ತೆಂದು ಒಬ್ಬ ವಕೀಲರು ಹೇಳಿದರು, ಅದರಿಂದಲೂ ಆಗುವುದಿಲ್ಲವೆಂದು ಮತ್ತೊಬ್ಬರು ಹೇಳಿದರು. ನಾನು ಅಲ್ಲಿಗೇ ಬಿಟ್ಟೆ.

ನಿವೃತ್ತನೋಂದಣಿ

ನೋಂದಣಿ ಬಾಕಿ ಉಳಿಯುವುದೇ ಈ ದಾರಿಯ ದೊಡ್ಡ ಕಷ್ಟ, ಅದನ್ನು ನಾನೂ ಒಪ್ಪುತ್ತೇನೆ. ಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ಹಾಜರುಪಡಿಸಿದ್ದರೆ ವಿಚಾರಣೆ ತಡವಾಯಿತೆಂದು ಪತ್ರ ಬಿದ್ದುಹೋಗುವುದಿಲ್ಲ, ಮುಂದೆ ನೋಂದಣಿಯಾದಾಗ ಬರೆದುಕೊಟ್ಟ ದಿನದಿಂದಲೇ ಅದಕ್ಕೆ ಬಲ ಬರುತ್ತದೆ. ಆದರೆ ಬ್ಯಾಂಕು ಅಲ್ಲಿಯವರೆಗೆ ಕಾಯುತ್ತದೆಯೇ, ಮಾರುವವರು ಪೂರ್ತಿ ಹಣವಿಲ್ಲದೆ ಕಾಯುತ್ತಾರೆಯೇ ಎಂಬುದನ್ನು ಮೊದಲೇ ಕೇಳಿ ಇಟ್ಟುಕೊಳ್ಳಬೇಕು.

ಬೆಟ್ಟದತಪ್ಪಲು

ಬ್ಯಾಂಕಿನವರು ಮಂಜೂರಾತಿಯನ್ನು ಮೂರು ತಿಂಗಳು ವಿಸ್ತರಿಸಲು ಒಪ್ಪಿದ್ದಾರೆ. ಮಾರುವವರೂ ಒಪ್ಪಿದ್ದಾರೆ. ಇನ್ನು ಪುರಾವೆಯ ಮಾತು. ಅದೇ ಬಡಾವಣೆಯ ಇತ್ತೀಚಿನ ನಾಲ್ಕು ಕ್ರಯಪತ್ರಗಳ ಪ್ರತಿ ತೆಗೆಸೋಣವೆಂದಿದ್ದೇನೆ. ಸಾಕಾಗುತ್ತದೆಯೇ?

ಅಳತೆಗೋಲು

ನಾನು ಸಿವಿಲ್ ಎಂಜಿನಿಯರ್, ಬ್ಯಾಂಕುಗಳಿಗೆ ಮೌಲ್ಯಮಾಪನ ವರದಿ ಬರೆಯುತ್ತೇನೆ. ಆ ನಾಲ್ಕು ಪತ್ರಗಳನ್ನು ತೆಗೆಸುವ ಮುಂಚೆ ಯೋಚಿಸಿ. ಮಾರ್ಗಸೂಚಿ ಬೆಲೆಗಿಂತ ಕಡಿಮೆ ಬರೆದರೆ ತಕರಾರು ಬರುತ್ತದೆಂದು ಜನ ಪತ್ರದಲ್ಲಿ ಮಾರ್ಗಸೂಚಿ ಬೆಲೆಯನ್ನೇ ಬರೆಸುತ್ತಾರೆ. ನೀವು ತೆಗೆಸುವ ಪತ್ರಗಳಲ್ಲಿಯೂ ಬಹುಶಃ ಅದೇ 32,000ದ ಲೆಕ್ಕ ಇರುತ್ತದೆ. ಅವುಗಳನ್ನು ನೀವೇ ಹಾಜರುಪಡಿಸಿದರೆ ಇಲಾಖೆಯ ಬೆಲೆ ಸರಿಯೆಂಬುದಕ್ಕೆ ನೀವೇ ಸಾಕ್ಷಿ ಕೊಟ್ಟಂತಾಗುತ್ತದೆ. ಬಡಾವಣೆಯ ದರ ತಪ್ಪು ಎಂದು ವಾದಿಸುವುದು ಬೇರೆ, ಅದು ಕರಡು ದರಪಟ್ಟಿ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಿ ಆಡಬೇಕಾದ ಮಾತು. ಬಡಾವಣೆಯ ದರ ಸರಿಯೇ ಇರಬಹುದು, ನನ್ನ ನಿವೇಶನಕ್ಕೆ ಅದು ಹೊಂದುವುದಿಲ್ಲ ಎಂಬುದು ನಿಮ್ಮ ವಾದವಾಗಬೇಕು.

ಅದನ್ನು ಅಳತೆಯಲ್ಲಿ ತೋರಿಸಿ. 66 ಕೆವಿ ಮಾರ್ಗಕ್ಕೆ ಕಾರಿಡಾರ್ 18 ಮೀಟರ್, ಅಂದರೆ ಮಾರ್ಗದ ನಡುಗೆರೆಯಿಂದ ಎರಡೂ ಕಡೆಗೆ 9 ಮೀಟರ್. ನಿಮ್ಮ ಪಕ್ಕದ ಪಟ್ಟಿ 8 ಮೀಟರ್ ಅಗಲವಿದ್ದು ತಂತಿ ಅದರ ನಡುವೆ ಹೋಗಿದ್ದರೆ, ನಡುಗೆರೆ ನಿಮ್ಮ ಗಡಿಯಿಂದ 4 ಮೀಟರ್ ದೂರದಲ್ಲಿದೆ. ಹಾಗಾದರೆ ಕಾರಿಡಾರಿನ 5 ಮೀಟರ್ ನಿಮ್ಮ ನಿವೇಶನದ ಒಳಗೇ ಬರುತ್ತದೆ. ಮೂವತ್ತು ಅಡಿ ಎಂದರೆ 9.14 ಮೀಟರ್. ಅದರಲ್ಲಿ 5 ಹೋದರೆ ಕಟ್ಟಡಕ್ಕೆ ಉಳಿಯುವುದು 4.14 ಮೀಟರ್ ಅಗಲ, ಪಶ್ಚಿಮದಲ್ಲಿ ಒಂದು ಮೀಟರ್ ಬಿಟ್ಟರೆ ಹತ್ತು ಅಡಿಗಿಂತ ತುಸು ಹೆಚ್ಚು. ಇದು ಕೇವಲ ಮಾತಾಗಿರಬಾರದು. ಕಾರಿಡಾರಿನ ಬಗ್ಗೆ ಕೆಪಿಟಿಸಿಎಲ್‌ನಿಂದ ಪತ್ರ ಪಡೆಯಿರಿ, ಎಷ್ಟು ಜಾಗದಲ್ಲಿ ಕಟ್ಟಲು ಅನುಮತಿ ಸಿಗುತ್ತದೆಂದು ಯೋಜನಾ ಪ್ರಾಧಿಕಾರದಿಂದ ಹಿಂಬರಹ ಕೇಳಿ, ಪಟ್ಟಿ ಹಿಡಿದು ಅಳೆಯುತ್ತಿರುವ ಫೋಟೊಗಳನ್ನು ಇಡಿ. ಸಾಲಕ್ಕಾಗಿ ನಿಮ್ಮ ಬ್ಯಾಂಕು ಮಾಡಿಸಿದ ಮೌಲ್ಯಮಾಪನ ವರದಿ ಇದ್ದರೆ ಅದರ ಪ್ರತಿ ಕೇಳಿ. ವಿವಾದ ಹುಟ್ಟುವ ಮುಂಚೆ, ನಿಮ್ಮ ಅನುಕೂಲಕ್ಕಾಗಿಯಲ್ಲದೆ ಬರೆದ ವರದಿಗೆ ತೂಕ ಹೆಚ್ಚು. ವಿಚಾರಣೆಗೆಂದೇ ಹಣ ಕೊಟ್ಟು ಬರೆಸಿದ ವರದಿಯನ್ನು ಅಧಿಕಾರಿಗಳು ಅಷ್ಟಾಗಿ ನಂಬುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ.

ಬೆಟ್ಟದತಪ್ಪಲು

ಬ್ಯಾಂಕಿನ ವರದಿ ಸಿಕ್ಕಿತು. ಅದರಲ್ಲಿ 28,50,000 ರೂಪಾಯಿ ಎಂದಿದೆ, ವಿದ್ಯುತ್ ಮಾರ್ಗದಿಂದಾಗಿ ಕಟ್ಟಡಕ್ಕೆ ಸಿಗುವ ಜಾಗ ಸೀಮಿತ ಎಂದೂ ಬರೆದಿದ್ದಾರೆ. ಆ ಕಾರಣಕ್ಕೇ ನನ್ನ ಸಾಲದ ಮೊತ್ತವನ್ನು ಕಡಿಮೆ ಮಾಡಿದ್ದರು. ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮೊದಲ ದಿನ ತೆಗೆದುಕೊಳ್ಳಲಿಲ್ಲ. ಎರಡನೆಯ ದಿನ ಕಲಂನ ಸಂಖ್ಯೆ ಬರೆದು ಕೊಟ್ಟಾಗ ತೆಗೆದುಕೊಂಡರು.

ಬೆಟ್ಟದತಪ್ಪಲು (ನಾಲ್ಕು ತಿಂಗಳ ನಂತರ)

ಆಗ ನೆರವಾದ ಎಲ್ಲರಿಗೂ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಮೂಲೆ ನಿವೇಶನದ ಶೇಕಡ 10 ಚಕ್ಕುಬಂದಿ ತಿದ್ದಿದ ದಿನವೇ ಹೋಯಿತು. ವಿಚಾರಣೆ ಎರಡು ಸಲ ನಡೆಯಿತು, ಮಧ್ಯೆ ಸ್ಥಳ ತನಿಖೆಗೂ ಬಂದಿದ್ದರು. ಅಧಿಕಾರಿಗಳು ಮುಖ್ಯವಾಗಿ ಕೇಳಿದ್ದು, ಅದೇ ಸಾಲಿನ ಉಳಿದ ನಿವೇಶನಗಳು ಏನಾಗಿವೆ ಎಂದು. ಸಾಲಿನ ಆರರಲ್ಲಿ ಒಂದರಲ್ಲಿಯೂ ಮನೆ ಎದ್ದಿಲ್ಲ. ಅದನ್ನು ನಾವು ಬರೆದುಕೊಟ್ಟಿರಲಿಲ್ಲ, ಸ್ಥಳಕ್ಕೆ ಬಂದಾಗ ಅವರೇ ನೋಡಿ ಟಿಪ್ಪಣಿ ಮಾಡಿಕೊಂಡರು. ಮಾರುವವರು ಬಂದು ಹೇಳಿಕೆ ಕೊಟ್ಟದ್ದು, ಹಣವೆಲ್ಲ ಬ್ಯಾಂಕಿನ ಮೂಲಕವೇ ಬಂದಿರುವ ದಾಖಲೆ ತೋರಿಸಿದ್ದು ಸಹಾಯವಾಯಿತು.

ಆದೇಶದಲ್ಲಿ ಪ್ರತಿ ಚದರ ಮೀಟರಿಗೆ 28,000 ರೂಪಾಯಿಯಂತೆ 31,21,440 ರೂಪಾಯಿ ಎಂದು ನಿಗದಿಪಡಿಸಿದ್ದಾರೆ. ಬ್ಯಾಂಕಿನ ವರದಿಯ ಅಂಕಿಯನ್ನು ಏಕೆ ಒಪ್ಪಲಿಲ್ಲವೆಂದು ಆದೇಶದಲ್ಲಿ ಒಂದೇ ಸಾಲು ಇದೆ. ಮೊದಲು ಕೇಳಿದ್ದ ಮೊತ್ತಕ್ಕೆ ಹೋಲಿಸಿದರೆ ಶುಲ್ಕದಲ್ಲಿ 61,000 ರೂಪಾಯಿ ಉಳಿಯಿತು. ಮೇಲ್ಮನವಿಗೆ ಹೋಗಬೇಕೇ ಎಂಬುದು ಈಗಿನ ಪ್ರಶ್ನೆ.

ನಿವೃತ್ತನೋಂದಣಿ

ಶುಲ್ಕಕ್ಕಾಗಿ ಮಾತ್ರವಾದರೆ ನಾನು ಹೋಗುತ್ತಿರಲಿಲ್ಲ. ನಿಮ್ಮ ಬೆಲೆಗೂ ಆದೇಶದ ಬೆಲೆಗೂ ಶುಲ್ಕದಲ್ಲಿ ಇರುವ ವ್ಯತ್ಯಾಸ ಸುಮಾರು 32,000 ರೂಪಾಯಿ. ಮೇಲ್ಮನವಿ ಹಾಕಲು ವ್ಯತ್ಯಾಸದ ಅರ್ಧ ಭಾಗವನ್ನು ಮೊದಲೇ ಠೇವಣಿ ಇಡಬೇಕು, ವಕೀಲರ ವೆಚ್ಚ ಬೇರೆ. ಅಷ್ಟಕ್ಕಾಗಿ ನೋಂದಣಿಯನ್ನು ಇನ್ನೂ ಮುಂದೂಡುವುದು ಬೇಡ ಎನ್ನಿಸುತ್ತದೆ.

ಲೆಕ್ಕದಪುಸ್ತಕ

ನನಗೆ ಹಾಗೆನ್ನಿಸುವುದಿಲ್ಲ, ಕ್ಷಮಿಸಿ. ಆದೇಶದ ಬೆಲೆ 29,70,000ವನ್ನು ಮೀರಿದೆ. ಒಂದೂವರೆ ಲಕ್ಷದಷ್ಟು ಮೀರಿರುವುದಕ್ಕೆ ಪೂರ್ತಿ 4,21,440 ರೂಪಾಯಿ ಇವರ ಆದಾಯಕ್ಕೆ ಸೇರುತ್ತದೆ. ಶೇಕಡ 30ರ ಹಂತದಲ್ಲಿ ಅದು 1,31,000ಕ್ಕೂ ಹೆಚ್ಚಿನ ತೆರಿಗೆ. ತೆರಿಗೆ ಅಧಿಕಾರಿಯ ಮುಂದೆ ಮೌಲ್ಯವನ್ನು ಒಪ್ಪುವುದಿಲ್ಲವೆಂದು ಹೇಳಿ ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಕಳುಹಿಸುವಂತೆ ಕೇಳುವ ದಾರಿ 50ಸಿ(2)ರಲ್ಲಿದೆ, ಅದು ಕೊಂಡವರಿಗೂ ಅನ್ವಯಿಸುತ್ತದೆ. ಆದರೆ ಆ ಮೌಲ್ಯವನ್ನು ಬೇರೆ ಪ್ರಾಧಿಕಾರದ ಮುಂದೆ ಮೇಲ್ಮನವಿಯಲ್ಲಿಯಾಗಲಿ ರೆಫರೆನ್ಸಿನಲ್ಲಿಯಾಗಲಿ ಪ್ರಶ್ನಿಸಿರಬಾರದೆಂಬ ಷರತ್ತೂ ಅಲ್ಲೇ ಇದೆ. 45-ಎ ಅಡಿ ಉಪನೋಂದಣಾಧಿಕಾರಿಗಳು ಕಳುಹಿಸಿದ ಪ್ರಕರಣವನ್ನೂ ಅಂಥ ರೆಫರೆನ್ಸ್ ಎಂದು ಎಣಿಸುತ್ತಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಳತೆಗೋಲು

ಮೇಡಂ, ಅದು ಮೇಲ್ಮನವಿಯಲ್ಲ, ಮೌಲ್ಯವನ್ನು ಮೊದಲ ಬಾರಿಗೆ ನಿರ್ಧರಿಸುವ ಹಂತ ಎಂದು ವಾದಿಸಬಹುದಲ್ಲವೇ? ಉಪನೋಂದಣಾಧಿಕಾರಿಗಳದು ಅಂದಾಜು ಮಾತ್ರ ಎಂದು ಕಾಯ್ದೆಯೇ ಹೇಳುತ್ತದೆ.

ಲೆಕ್ಕದಪುಸ್ತಕ

ವಾದಿಸಬಹುದು, ನಾನೂ ಹಾಗೆಯೇ ವಾದಿಸುತ್ತೇನೆ. ಆದರೆ ತೆರಿಗೆ ಅಧಿಕಾರಿ ಒಪ್ಪದಿದ್ದರೆ ಆ ಹೊತ್ತಿಗೆ ಮುದ್ರಾಂಕ ಮೇಲ್ಮನವಿಯ ಗಡುವು ಕಳೆದಿರುತ್ತದೆ, ಎರಡೂ ಬಾಗಿಲು ಮುಚ್ಚಿದಂತಾಗುತ್ತದೆ. ಮೇಲ್ಮನವಿ ಹಾಕಿ ಬೆಲೆ 29,70,000ಕ್ಕೆ ಇಳಿದರೆ ಮಾತ್ರ ತೆರಿಗೆಯ ಪ್ರಶ್ನೆಯೇ ಉಳಿಯುವುದಿಲ್ಲ.

ಬೆಟ್ಟದತಪ್ಪಲು

ಮಾರುವವರೊಂದಿಗೆ ಭಾನುವಾರ ಕುಳಿತು ಮಾತನಾಡುತ್ತೇವೆ. ಅವರಿಗೆ ಬಂಡವಾಳ ಲಾಭದ ಲೆಕ್ಕ ಇರುವುದರಿಂದ ಠೇವಣಿಯಲ್ಲಿ ಅರ್ಧ ಕೊಡಲು ಸಿದ್ಧರಿದ್ದಾರೆ. ಆದೇಶದ ಪ್ರತಿ ಕೈಗೆ ಬಂದು ಹನ್ನೊಂದು ದಿನವಾಗಿದೆ.